ಉಲ್ಟಾ ಅಲ್ಲ, ಪರತ

ನಮ್ಮ ಕಡೆ ‘ಉಲ್ಟಾ’ ಎಂಬ ಮಾತಿಗೆ ಕೆಲಸ ವಿಪರೀತ. ಅಂಗಿ ತಿರುವಿ ಹಾಕಿಕೊಂಡರೆ ಉಲ್ಟಾ, ಕೊಡ ಬೋರಲು ಹಾಕಿದರೆ ಉಲ್ಟಾ, ಹೇಳಿದ್ದಕ್ಕೆಲ್ಲ ಎದುರು ನಿಲ್ಲುವ ಮಗಳ ತಲೆಯೂ ಉಲ್ಟಾ. ಚಿಕ್ಕೋಡಿಯ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುವ ನಾನೂ ಆ ಮಾತನ್ನು ಚೆನ್ನಾಗಿ ದುಡಿಸಿಕೊಂಡವಳೇ. ಸೆಕೆಂಡ್ ಪಿಯು ಮೊದಲ ಪಾಠದಲ್ಲೇ ಇನ್ವರ್ಸ್ ಫಂಕ್ಷನ್ ಬರುತ್ತದೆ. ಪುಸ್ತಕ ಇಂಗ್ಲಿಷಿನದು, ಕೂತ ಮಕ್ಕಳು ಅರ್ಧ ಕನ್ನಡದವರು, ಅರ್ಧ ಮರಾಠಿಯವರು. ‘ವಿಲೋಮ’ ಎಂದರೆ ನಾನೇನೋ ಮಂತ್ರ ಹೇಳುತ್ತಿದ್ದೇನೆಂಬಂತೆ ನೋಡುತ್ತಾರೆ. ಹಾಗಾಗಿ ಬೋರ್ಡಿನ ಮೇಲೆ ಇನ್ವರ್ಸ್ ಎಂದು ಬರೆದು, "ಅಂದ್ರ ಉಲ್ಟಾ" ಎಂದುಬಿಡುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು, ನಾನು ಮುಂದೆ ಹೋಗುತ್ತಿದ್ದೆ.

ಆ ವರ್ಷ ಗಡಿಯಂಚಿನ ಭೋಜ ಎಂಬ ಊರಿನಿಂದ ಬಸ್ಸು ಹತ್ತಿ ಬರುವ ಒಬ್ಬಳು ಹುಡುಗಿ ಇದ್ದಳು. ಹತ್ತನೆಯ ತನಕ ಅವಳದು ಮರಾಠಿ ಶಾಲೆ. ಫಸ್ಟ್ ಪಿಯು ಅನ್ನು ಹೆಚ್ಚುಕಡಿಮೆ ಬಾಯಿಪಾಠದ ಮೇಲೆ ದಾಟಿದ್ದಳು. ಎರಡನೆಯ ಬೆಂಚಿನಲ್ಲಿ ಕೂತು, ನಾನು ಬರೆದದ್ದನ್ನೆಲ್ಲ ಎರಡು ಬಣ್ಣದ ಪೆನ್ನಿನಲ್ಲಿ ಇಳಿಸಿಕೊಳ್ಳುವಳು. ಇಂಥ ಮಕ್ಕಳನ್ನು ಕಂಡರೆ ನನಗೆ ಮೊದಲು ಪ್ರೀತಿ ಬರುತ್ತದೆ, ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ. ಅಷ್ಟು ಚೆಂದ ಬರೆಯುವ ಕೈ ಸ್ವಲ್ಪ ತಡೆದು ಯೋಚಿಸಬಾರದೇ ಎಂದು.

ಇನ್ವರ್ಸ್ ಕಂಡುಹಿಡಿ ಎಂದರೆ ಅವಳು ಭಿನ್ನರಾಶಿಯನ್ನು ತಲೆಕೆಳಗು ಮಾಡುತ್ತಿದ್ದಳು. f(x) = (2x + 3)/(x − 1) ಎಂದು ಕೊಟ್ಟರೆ, ಮೇಲಿನದನ್ನು ಕೆಳಗೆ ತಂದು, ಕೆಳಗಿನದನ್ನು ಮೇಲೆ ಹತ್ತಿಸಿ (x − 1)/(2x + 3) ಎಂದು ಬರೆದು, ಅದರ ಸುತ್ತ ಚೌಕ ಬೇರೆ ಹಾಕುತ್ತಿದ್ದಳು. ತಪ್ಪು ಉತ್ತರಕ್ಕೂ ಎಷ್ಟು ಮರ್ಯಾದೆ! ನಾನು ಒಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಆಮೇಲೆ ಕ್ಲಾಸಿನಲ್ಲೇ, "ಏನವ್ವಾ, ಎಲ್ಲಾ ಲೆಕ್ಕಕ್ಕೂ ಶೀರ್ಷಾಸನ ಹಾಕ್ಸಾಕತ್ತೀಯಲ್ಲ" ಎಂದೆ. ಹುಡುಗರು ನಕ್ಕರು. ಅವಳೂ ನಕ್ಕಂತೆ ಮಾಡಿದಳು. ಟೆಸ್ಟಿನಲ್ಲಿ ಆ ಪಾಠದ ಲೆಕ್ಕಗಳೆಲ್ಲ ಮತ್ತೆ ತಲೆಕೆಳಗಾಗಿ ನಿಂತಿದ್ದವು, ಅವಳು ಫೇಲಾದಳು.

ಅದಾದ ಮರುವಾರ ಅವಳ ತಂದೆ ಸ್ಟಾಫ್ ರೂಮಿಗೆ ಬಂದರು. ಬಿಳಿ ಅಂಗಿ, ಪೈಜಾಮ, ಕೈಯಲ್ಲಿ ಟೋಪಿ. ಊರಲ್ಲಿ ಕಬ್ಬಿನ ಹೊಲವಿದ್ದ ಮನುಷ್ಯ. ಮಗಳು ಅವರ ಹಿಂದೆ ಬಾಗಿಲ ಬಳಿ ನಿಂತಿದ್ದಳು. ಕೂರಿ ಎಂದರೂ ಕೂರದೆ, ನನ್ನ ಮೇಜಿನ ಮುಂದೆ ನಿಂತೇ ಮಾತು ತೆಗೆದರು.

"ಬಾಯಾರ, ಸಿಟ್ಟಿಗೆ ಏಳಬ್ಯಾಡ್ರಿ. ಈಕಿನ್ನ ಸಾಯನ್ಸ್ ಬಿಡಸ್ತೀನ್ರಿ. ನಿಪ್ಪಾಣ್ಯಾಗ ಆರ್ಟ್ಸಿಗೆ ಹಚ್ಚತೀನಿ, ಫಸ್ಟ್ ಪಿಯುದಿಂದ. ಅಲ್ಲಿ ಅಡ್ಮಿಷನ್ ಇನ್ನೂ ಚಾಲೂ ಐತಂತ."

"ಒಂದು ವರ್ಷ ಹಾಳಾಗ್ತದಲ್ರೀ. ಒಂದು ಟೆಸ್ಟ್ ಹೋದ್ರ ಇಷ್ಟ್ಯಾಕ?"

"ಟೆಸ್ಟಿಂದಲ್ಲರಿ." ಅವರು ದನಿ ಇಳಿಸಿದರು. "ದಿನಾ ಊಟಕ್ಕ ಕೂತಾಗ ಅಳತಾಳ್ರಿ. ತಾಟಿನ ಮ್ಯಾಲ ಕಣ್ಣೀರ ಬೀಳತಾವು. ನನಗ ನೋಡಾಕ ಆಗೂದಿಲ್ಲ. ಏನ ಡಾಕ್ಟರ ಆಗಬೇಕಂತ ನಾ ಹೇಳಿಲ್ಲ. ಆಕೀನ ಹಟ ಮಾಡಿ ಬಂದಾಕಿ."

ನಾನು ಬೈಯಲು ತಯಾರಾಗಿದ್ದೆ. ಮಗಳ ಓದಿಗೆ ಅಡ್ಡ ನಿಲ್ಲುವ ತಂದೆಯರನ್ನು ಜಾಡಿಸುವುದು ನನಗೆ ರೂಢಿ. ಆದರೆ ಈ ಮನುಷ್ಯ ಬಂದದ್ದು ಮಗಳ ಕಣ್ಣೀರು ತಡೆಯಲಾರದೆ. ಹುಡುಗಿಯ ಕಡೆ ನೋಡಿದೆ. ಅವಳು ಬಾಗಿಲ ಚಿಲಕವನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನಿನಗ ಹೋಗಬೇಕಾಗೇತೇನ?" ಎಂದೆ.

ಬೇಡ ಎನ್ನುವಂತೆ ತಲೆಯಾಡಿಸಿ, ಆಮೇಲೆ ಮೆಲ್ಲಗೆ, "ಆದ್ರ ತಿಳಿಯೂದ ಇಲ್ರಿ ಮಿಸ್" ಎಂದಳು.

ತಂದೆ ಟೋಪಿಯನ್ನು ತಲೆಗೆ ಏರಿಸಿದರು. ಮಾತು ಮುಗಿಯಿತು ಎಂದು ಅದರ ಅರ್ಥ. "ಆಕಿ ಕಾಗದಪತ್ರ ಪರತ ಕೊಡಸರಿ ಬಾಯಾರ. ಹೊತ್ತಾತು, ಪರತ ಹೋಗಬೇಕು."

ಪರತ. ಕೊಟ್ಟದ್ದು ತಿರುಗಿ ಬರಬೇಕಾದರೂ ಪರತ, ಹೋದವರು ತಿರುಗಿ ಮನೆ ಸೇರಿದರೂ ಪರತ. ಅಥಣಿಯಲ್ಲಿ ನಮ್ಮವ್ವನೂ ಇದೇ ಮಾತು ಆಡುತ್ತಿದ್ದಳು, ಭೋಜದ ಮರಾಠಿಯಲ್ಲೂ ಇದೇ ಮಾತು. ಉಲ್ಟಾ ಎಂದರೆ ಬೋರಲು ಬಿದ್ದ ಕೊಡವೇ ಈ ಹುಡುಗಿಯ ಕಣ್ಣಿಗೆ ಕಾಣುತ್ತಿದ್ದರೆ ಅದು ಅವಳ ತಪ್ಪೇ? ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕೆಮಿಸ್ಟ್ರಿ ಮೇಷ್ಟ್ರು ಬೆಚ್ಚಿದರು.

"ಸ್ವಲ್ಪ ತಡೀರಿ," ಎಂದು ತಂದೆಗೆ ಹೇಳಿ, ಟೈಮ್ ಟೇಬಲ್ ಬರೆಯುವ ಬೋರ್ಡನ್ನು ಒರೆಸಿಬಿಟ್ಟೆ. "ಬಾರವ್ವಾ ಇಲ್ಲಿ. ಉಲ್ಟಾ ಅನ್ನೂದನ್ನ ಮರೀ. ಇನ್ವರ್ಸ್ ಅಂದ್ರ ಪರತ. ತಿಳೀತೇನ? ಪರತ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು (2x + 3)/(x − 1) ಎಂದು ಬರೆದೆ. "x ಜಾಗಾದಾಗ ಎರಡು ಹಾಕು."

ಮೇಲೆ ಏಳು, ಕೆಳಗೆ ಒಂದು. "ಏಳ್ರಿ ಮಿಸ್."

"ಎರಡು ಮನಿ ಬಿಟ್ಟು ಏಳಕ್ಕ ಹೋತು. ಈಗ ಏಳರಿಂದ ಪರತ ಎರಡಕ್ಕ ಕರ್ಕೊಂಡ ಬರಬೇಕು. ಅದ ಇನ್ವರ್ಸಿನ ಕೆಲಸ. ನೀ ಬರೆಯೂ ಉತ್ತರದಾಗ ಏಳು ಹಾಕಿ ನೋಡು."

ಅವಳ (x − 1)/(2x + 3) ರಲ್ಲಿ ಏಳು ಹಾಕಿದರೆ ಹದಿನೇಳರಲ್ಲಿ ಆರು. ಅದನ್ನು ಬರೆದವಳೇ ನಾಲಿಗೆ ಕಚ್ಚಿಕೊಂಡಳು. "ಇದು ಮನಿಗೇ ಬರಲಿಲ್ರಿ, ಎಲ್ಲೋ ಹೋತು!"

ಅಲ್ಲಿಂದ ಅವಳ ಕೈಯನ್ನು ನಾನು ಹಿಡಿಯಬೇಕಾಗಲಿಲ್ಲ. ಇಡೀ ಫಂಕ್ಷನ್ನನ್ನು y ಎಂದು ಕರೆದಳು. y(x − 1) = 2x + 3. x ಇದ್ದವುಗಳನ್ನೆಲ್ಲ ಒಂದು ಕಡೆ ತಂದಳು, x(y − 2) = y + 3. ಕೊನೆಗೆ x = (y + 3)/(y − 2). ಅದರಲ್ಲಿ ಏಳು ಹಾಕಿದಳು. ಹತ್ತು ಭಾಗಿಸು ಐದು, ಎರಡು.

"ಬಂತ್ರಿ!"

"ಬಂತು. ಆದ್ರ ಒಂದೇ ಸಂಖ್ಯೆ ಬಂದ್ರ ನಾ ನಂಬೂದಿಲ್ಲ. ಎಲ್ಲಾ ಬರತಾವಂತ ತೋರ್ಸು." ಇನ್ವರ್ಸನ್ನು ಎತ್ತಿ ಮೊದಲಿನ ಫಂಕ್ಷನ್ನಿನೊಳಗೆ x ಜಾಗದಲ್ಲಿ ಕೂರಿಸುವುದನ್ನು ನಾನೇ ಮಾಡಿ ತೋರಿಸಿದೆ. ಮೇಲೆ 5y/(y − 2) ಬಂತು, ಕೆಳಗೆ 5/(y − 2) ಬಂತು. ಭಾಗಿಸಿದರೆ ಉಳಿದದ್ದು ಬರೀ y. ಹೋಗಿ ಬಂದು ಹೊರಟಲ್ಲಿಗೇ ಮುಟ್ಟಿದ್ದಾಯಿತು.

"ಈಗ ಹೇಳು, ಯಾರಿಗೆ ಹೊರಡಾಕ ಬರೂದಿಲ್ಲ?"

"ಒಂದಕ್ಕರಿ. ಕೆಳಗ ಸೊನ್ನೆ ಆಗತೈತಿ."

"ಯಾವ ಊರು ಮುಟ್ಟಾಕ ಆಗೂದಿಲ್ಲ?"

ಇದಕ್ಕೆ ಅವಳು ತಡವರಿಸಿದಳು. ಇನ್ವರ್ಸಿನ ಕೆಳಗಿನ y − 2 ಕಡೆ ನೋಡಿ, "ಎರಡ್ರಿ?" ಎಂದಳು ಅನುಮಾನದಿಂದ. ಮುಟ್ಟಿ ತೋರಿಸು ನೋಡೋಣ ಎಂದೆ. (2x + 3)/(x − 1) = 2 ಎಂದು ಬರೆದು ಬಿಡಿಸಿದರೆ 2x + 3 = 2x − 2. ಎರಡೂ ಕಡೆಯ 2x ಹೊಡೆದುಹಾಕಿದಳು. ಮೂರು ಸಮ ಮೈನಸ್ ಎರಡು.

ಅದನ್ನು ನೋಡಿ ಅವಳು ನಕ್ಕಳು. ಕ್ಲಾಸಿನಲ್ಲಿ ನಕ್ಕಂತೆ ಮಾಡಿದ ನಗುವಲ್ಲ, ಹೊಟ್ಟೆಯಿಂದ ಬಂದ ನಗು. "ಮೂರು ಹೋಗಿ ಮೈನಸ್ ಎರಡು ಆಗೇತ್ರಿ ಮಿಸ್!" ತಂದೆ ಯಾವಾಗ ಕುರ್ಚಿಯಲ್ಲಿ ಕೂತರೋ ನಾನು ನೋಡಿರಲಿಲ್ಲ. ಅವರು ಬೋರ್ಡಿನ ಕಡೆ ನೋಡುತ್ತಲೇ ಇರಲಿಲ್ಲ, ಮಗಳ ಮುಖವನ್ನು ನೋಡುತ್ತಿದ್ದರು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣೆ. ಆದರೆ ಮೇಷ್ಟ್ರ ಬುದ್ಧಿ ಎಲ್ಲಿ ಬಿಡುತ್ತದೆ? "ಈಗ ನೀ ಒಬ್ಬಾಕೀನ ಮಾಡು" ಎಂದು ಇನ್ನೊಂದು ಬರೆದೆ. (3x + 2)/(5x − 3).

ಅವಳು ಹುರುಪಿನಿಂದ ಶುರುಮಾಡಿದಳು. y ಎಂದಿಟ್ಟಳು, ಗುಣಿಸಿದಳು, x ಗಳನ್ನು ಒಂದು ಕಡೆ ಸೇರಿಸಿದಳು. x = (3y + 2)/(5y − 3). ಅಷ್ಟು ಬರೆದು ನಿಂತುಬಿಟ್ಟಳು. ಮೇಲೆ ಕೊಟ್ಟ ಲೆಕ್ಕವನ್ನು ನೋಡಿದಳು, ತನ್ನ ಉತ್ತರವನ್ನು ನೋಡಿದಳು. ಎರಡೂ ಒಂದೇ. ಅಕ್ಷರ ಬೇರೆ, ಅಷ್ಟೆ.

"ತಪ್ಪಾತ್ರಿ," ಎಂದಳು. ಅಂಗೈಯಿಂದ ಒರೆಸತೊಡಗಿದಳು. "ಕೊಟ್ಟ ಲೆಕ್ಕಾನ ಮತ್ತ ಬರದೀನಿ ನಾ. ಏನೂ ಮಾಡಿದಂಗ ಆಗಲಿಲ್ಲ." ದನಿ ಒಡೆಯಿತು, ಕಣ್ಣು ತುಂಬಿಕೊಂಡವು.

ತಂದೆ ಎದ್ದು ನಿಂತರು. "ಸಾಕ್ರಿ ಬಾಯಾರ. ಬಿಡ್ರಿ ಆಕಿನ್ನ."

ತಪ್ಪಿಲ್ಲವ್ವಾ, ಸರಿ ಐತಿ ಎಂದು ಕೂಗುವುದಕ್ಕೆ ನನಗೆ ಒಂದು ಉಸಿರು ಸಾಕಿತ್ತು. ಕೂಗಿದ್ದರೆ ಅವಳು ನನ್ನ ಮಾತು ನಂಬುತ್ತಿದ್ದಳು, ತನ್ನ ಕೈಯನ್ನು ನಂಬುತ್ತಿರಲಿಲ್ಲ. ಬಾಯಿ ಬಿಗಿ ಹಿಡಿದು ನಿಲ್ಲುವುದು ನನ್ನ ಜಾಯಮಾನದ್ದಲ್ಲ. ಅವತ್ತು ನಿಂತೆ, ಹೇಗೆ ನಿಂತೆನೋ ಗೊತ್ತಿಲ್ಲ.

"ತಡೀ ಬಾಬಾ," ಎಂದಳು ಹುಡುಗಿ ತಂದೆಗೆ, ಹಿಂದೆ ತಿರುಗದೆ.

ಒರೆಸಿದ್ದನ್ನು ಮತ್ತೆ ಬರೆದಳು. ಆಮೇಲೆ ಆ ಫಂಕ್ಷನ್ನನ್ನು ಅದರೊಳಗೇ ಕೂರಿಸಿದಳು. ಮೇಲೆ 3(3x + 2) + 2(5x − 3). ಕೆಳಗೆ 5(3x + 2) − 3(5x − 3). ಸುರ್ರೆಂದು ಮೂಗು ಎಳೆದುಕೊಳ್ಳುತ್ತ, ಒಂದೊಂದೇ ಗುಣಿಸುತ್ತ ಹೋದಳು. ಮೇಲಿನ ಆರು ಆರು ಹೊಡೆದುಹೋಗಿ 19x ಉಳಿಯಿತು. ಕೆಳಗಿನ 15x ಹೊಡೆದುಹೋಗಿ 19 ಉಳಿಯಿತು. ಅವಳು ಎರಡೂ ಹತ್ತೊಂಬತ್ತಕ್ಕೆ ಗೆರೆ ಎಳೆದಳು.

ಉಳಿದದ್ದು x.

"ತಪ್ಪಲ್ರಿ," ಎಂದಳು, ನನಗಲ್ಲ, ಬೋರ್ಡಿಗೆ. "ಇದು ತಾನ ಹೋಗತೈತಿ, ತಾನ ಕರ್ಕೊಂಡ ಬರತೈತಿ." ನಾನು ಕೇಳುವ ಮೊದಲೇ ಪಕ್ಕದಲ್ಲಿ x ≠ 3/5 ಎಂದೂ ಬರೆದಳು. ಹೊರಡಲಾಗದ್ದೂ ಅದೇ, ಮುಟ್ಟಲಾಗದ್ದೂ ಅದೇ ಎಂದು ವಿವರಿಸಿದಳು. ನನಗೆ ಅವಳನ್ನು ಎಳೆದು ಅಪ್ಪಿಕೊಳ್ಳಬೇಕೆನಿಸಿತು. ಕೆಮಿಸ್ಟ್ರಿ ಮೇಷ್ಟ್ರು ನೋಡುತ್ತಿದ್ದುದರಿಂದ, "ಅಕ್ಷರ ಸ್ವಲ್ಪ ದೊಡ್ಡದಾಗಿ ಬರೀ" ಎಂದೆ.

ತಂದೆಗೆ ಲೆಕ್ಕ ತಿಳಿಯಲಿಲ್ಲ, ತಿಳಿದಂತೆ ನಟಿಸಲೂ ಇಲ್ಲ. ಮಗಳ ಹತ್ತಿರ ಹೋಗಿ, ಅವಳ ಕೆನ್ನೆಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದರು.

"ಇನ್ನ ಅಳೂದಿಲ್ಲೇನ ಮಗಳ?"

ಅವಳು ನಿಜವಾಗಿಯೂ ಯೋಚಿಸಿದಳು. "ಅಳತೀನಿ ಬಾಬಾ," ಎಂದಳು. "ಅತ್ತರೂ ಬಿಡೂದಿಲ್ಲ."

ಅವರು ಹೆಬ್ಬೆರಳಿನ ಪುಡಿಯನ್ನು ಪೈಜಾಮಕ್ಕೆ ಒರೆಸಿಕೊಂಡರು. "ಹಂಗಾರ ಕ್ಲಾಸಿಗೆ ಹೋಗ" ಎಂದರು. ಮಗಳು ಹೋದ ಮೇಲೆ ನನಗೆ ಕೈ ಮುಗಿದರು.

"ಕಾಗದ ನಿಮ್ಮ ಹತ್ರಾನ ಇರಲಿ ಬಾಯಾರ."