ಮುದ್ದೆ ಕೋಲಿಗೆ ಎರಡು ಭಾಷೆ

ಚನ್ನಗಿರಿಯ ಸಾಜಿದಾಳ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳ ಅಪ್ಪ ರಸೂಲ್ ಸಾಹೇಬರು ಮಷೀನಿನಲ್ಲಿ ಮರ ಕಡೆದು ಮುದ್ದೆ ಕೋಲು ಮಾಡುವವರು. ಸಂತೆಯಲ್ಲಿ ಕೇಳುವವರು ಕಡಿಮೆಯಾದಾಗ, "ಈ ರಾಶಿ ಖರ್ಚಾಗ್ಲಿಲ್ಲ ಅಂದ್ರೆ ಮಷೀನ್ ಮಾರಿ ಫರ್ನಿಚರ್ ಅಂಗ್ಡಿಗೆ ಕೂಲಿಗೆ ಹೋಗ್ತೀನಿ" ಎಂದುಬಿಟ್ಟರು. ಮಷೀನು ಹೋದರೆ ಅಪ್ಪನ ಅರ್ಧ ಜೀವ ಹೋದಂತೆ ಎಂದು ಸಾಜಿದಾಳಿಗೆ ಗೊತ್ತಿತ್ತು. ಮಾರನೆಯ ದಿನವೇ ಫೋನು ಹಿಡಿದು ಕೂತು, ಆನ್‌ಲೈನಿನಲ್ಲಿ ಅಂಗಡಿ ತೆರೆದಳು.

ಮೊದಲ ಸಲ ಬರೆದದ್ದನ್ನು ನೆನೆದರೆ ಅವಳಿಗೇ ನಗು. ಯಾರದೋ ನೋಡಿ, ಇಂಗ್ಲಿಷಿನಲ್ಲಿ 'ಪ್ರೀಮಿಯಂ ವುಡನ್ ಸ್ಟಿರರ್' ಎಂದು ಹಾಕಿದ್ದಳು. ಅಂಥ ಸ್ಟಿರರುಗಳು ಅಲ್ಲಿ ಲೆಕ್ಕವಿಲ್ಲದಷ್ಟಿದ್ದವು. ಮುದ್ದೆ ತಿರುವುವ ಮನೆಯಲ್ಲಿ ಸ್ಟಿರರ್ ಎಂದು ಹುಡುಕುವವರು ಯಾರು? ಒಬ್ಬರೂ ಮೂಸಿ ನೋಡಲಿಲ್ಲ.

ಆಮೇಲೆ ಅವಳು ಸಂತೆಯಲ್ಲಿ ಅಪ್ಪನ ಪಕ್ಕ ಕೂತು, ಹೆಂಗಸರು ಏನು ಕೇಳುತ್ತಾರೆಂದು ಕಿವಿಗೊಟ್ಟಳು. ಇಂಚಿನ ಲೆಕ್ಕ ಯಾರಿಗೂ ಬೇಡ. ಎಷ್ಟು ಜನದ ಮುದ್ದೆಗೆ ಆಗುತ್ತೆ, ಸಿಬರು ಏಳುತ್ತಾ, ಇಷ್ಟೇ. ಮನೆಗೆ ಬಂದು ಎಲ್ಲವನ್ನೂ ಹೊಸದಾಗಿ ಬರೆದಳು. ಹೆಸರಿನಲ್ಲಿ ಕನ್ನಡದ 'ರಾಗಿ ಮುದ್ದೆ ಕೋಲು', ಪಕ್ಕದಲ್ಲೇ ಇಂಗ್ಲಿಷ್. ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಹುಡುಕುವವರೂ ಬೇಕಾದಷ್ಟು ಜನರಿದ್ದಾರಲ್ಲ, ಅವರಿಗಾಗಿ ಹಾಗೂ ಒಂದು ಸಲ ಬರೆದಳು. ಕೆಳಗೆ ಎರಡೂ ಭಾಷೆಯ ವಿವರದಲ್ಲಿ ಅಳತೆ ಇಂಚಿನಲ್ಲೂ ಇತ್ತು, 'ಐದಾರು ಜನರ ಮುದ್ದೆಗೆ ಸಾಕು' ಎಂದೂ ಇತ್ತು.

ಹೊನ್ನಾಳಿಯಿಂದ ಮೊದಲ ಆರ್ಡರು ಬಂದಾಗ ಅವಳು ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಓಡಿ ಬಂದರು. ಆಮೇಲೆ ಸವಳಂಗ, ನ್ಯಾಮತಿ. ಹುರುಪು ತಲೆಗೇರಿತು. ಪಾತ್ರೆ ಅಲುಗದಂತೆ ಒತ್ತಿ ಹಿಡಿಯುವ ಕವೆಗೋಲನ್ನೂ ಅದೇ ಬೆಲೆಗೆ ಜೊತೆಗೆ ಕೊಡೋಣ ಎಂದು ಅಪ್ಪನನ್ನು ಒಪ್ಪಿಸಿ, ಆ ಸಂಭ್ರಮದಲ್ಲೇ ಕನ್ನಡದ ವಿವರಕ್ಕೆ ಸೇರಿಸಿದಳು. ಇಂಗ್ಲಿಷಿಗೆ ಸೇರಿಸುವುದನ್ನು ಮರೆತಳು.

ಮುಂದಿನ ಆರ್ಡರು ಜಗಳೂರಿನ ಕಡೆಯಿಂದ ಬಂತು. ಆರ್ಡರಿನ ಚೀಟಿಯಲ್ಲಿ ಅಚ್ಚಾಗುವುದು ಇಂಗ್ಲಿಷ್ ವಿವರ ಮಾತ್ರ. ರಸೂಲ್ ಸಾಹೇಬರು ಚೀಟಿ ನೋಡಿ, ಇವರು ಕೇಳಿದ್ದು ಕೋಲು ಮಾತ್ರ ಎಂದುಕೊಂಡು, ಒಂದೇ ಕೋಲು ಕಟ್ಟಿ ಕಳಿಸಿದರು.

ಪೊಟ್ಟಣದ ಮೇಲಿದ್ದ ನಂಬರಿಗೆ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

"ನಾನು ಗಾದ್ರಮ್ಮ ಅಂತ, ತಾಯಿ. ಕೋಲು ಬಂತು, ಕವೆಗೋಲು ಬರ್ಲಿಲ್ಲ."

ಸಾಜಿದಾ ಒಂದು ಕೈಯಲ್ಲಿ, ಕಾಲೇಜಿನಲ್ಲಿ ಕೊಟ್ಟಿದ್ದ ಲ್ಯಾಪ್‌ಟಾಪ್ ಎಳೆದುಕೊಂಡು ನೋಡಿದಳು. ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಎರಡು! ಹೊಸ ಅಂಗಡಿಗೆ ಮಾಲು ವಾಪಸು ಬಂದು, ಕೆಟ್ಟ ಮಾತೂ ಬಿದ್ದರೆ ಮುಂದೆ ಯಾರು ಕೊಂಡಾರು? ಅಪ್ಪನ ಮಷೀನು ಕಣ್ಣೆದುರು ಬಂತು. 'ಇಂಗ್ಲಿಷಿನಲ್ಲಿ ಒಂದೇ ಅಂತ ಐತಲ್ಲಜ್ಜಿ' ಎಂದು ಹೇಳಿ, ಕನ್ನಡದ ಆ ಸಾಲನ್ನು ಅಳಿಸಿಬಿಟ್ಟರೆ ಮುಗಿಯಿತು. ಮಾತು ನಾಲಿಗೆಯ ತುದಿಗೂ ಬಂತು.

ಅಷ್ಟರಲ್ಲಿ ಗಾದ್ರಮ್ಮ, "ನಾನು ಜಗಳ ಆಡಾಕೆ ಫೋನ್ ಮಾಡಿಲ್ಲ ಕಣವ್ವ" ಎಂದರು. "ಈ ವಯಸ್ಸಿನಾಗೆ ಅಕ್ಷರ ಕಲ್ತೀನಿ. ಯಾರ್ನೂ ಕೇಳ್ದೆ, ನಾನೇ ಓದಿ, ಒತ್ತಿ ತರಿಸಿದ್ದು ಇದೇ ಮೊದ್ಲು. ನನ್ ಮಗ ಓಬಳಪ್ಪ ಇಂಗ್ಲಿಷ್ ನೋಡಿ, ನಿಂಗೆಲ್ಲಿ ಓದಾಕೆ ಬರ್ತೈತೆ ಅಂತ ನಗ್ತಾನೆ. ನಾನು ತಪ್ಪು ಓದೀನೇನು? ಅಷ್ಟು ಹೇಳು ಸಾಕು."

ಸಾಜಿದಾಳಿಗೆ ತನ್ನ ಮೇಲೆಯೇ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

"ಅಜ್ಜಿ, ಸ್ಪೀಕರ್ ಹಾಕ್ರಿ. ನಿಮ್ ಮಗನ್ನ ಕರೀರಿ."

ಗುಂಡಿ ಒತ್ತಿದ ಸದ್ದು, ಯಾರೋ ಬಂದ ಸದ್ದು.

"ಅಣ್ಣಾರೆ, ನಿಮ್ಮಮ್ಮ ಒಂದಕ್ಷರನೂ ತಪ್ಪು ಓದಿಲ್ರಿ. ತಪ್ಪು ನಂದು. ಇಂಗ್ಲಿಷಿಗೆ ಹಾಕಾಕೆ ಮರ್ತೆ. ಕವೆಗೋಲು ಈವತ್ತೇ ಕಳಿಸ್ತೀನಿ."

ಅತ್ತ ಗಾದ್ರಮ್ಮನ ದನಿ ಸೂರು ಹಾರಿಹೋಗುವಂತೆ ಎದ್ದಿತು. "ಕೇಳಿದ್ಯೇನಲೇ ಓಬಳ! ಕೇಳಿದ್ಯಾ!" ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಸಾಜಿದಾ ಎರಡನ್ನೂ ಮಾಡುತ್ತಿದ್ದಳು.

ಮಗಳ ಮಾತಿಗೆ ಆಗಲೇ ಎದ್ದು ಬಂದಿದ್ದ ರಸೂಲ್ ಸಾಹೇಬರು ಬಾಗಿಲಲ್ಲೇ ನಿಂತು ಎಲ್ಲಾ ಕೇಳಿಸಿಕೊಂಡಿದ್ದರು. ಇದ್ದುದರಲ್ಲೇ ನುಣುಪಾದ ಕವೆಗೋಲನ್ನು ಆರಿಸಿ ಮಗಳ ಮುಂದಿಟ್ಟರು. ಅವಳು ಫೋನನ್ನು ಕಿವಿಗೊತ್ತಿಕೊಂಡೇ ಇಂಗ್ಲಿಷಿನಲ್ಲೂ ಎರಡು ಎಂದು ತಿದ್ದುತ್ತಿದ್ದಳು.

"ತಾಯಿ, ಇದೀಯಾ? ನನ್ ಕೋಲು ನೋಡಿ ನಮ್ಮ ಹೆಂಗಸ್ರ ಸಂಘದೋರಿಗೆಲ್ಲ ಕೋಲು ಬೇಕಂತೆ" ಎಂದರು ಗಾದ್ರಮ್ಮ. "ನೀನು ಬರ್ದು ಹಾಕ್ತಾ ಇರು. ಅವರಿಗೆ ಓದಿ ಹೇಳಾಕೆ ನಾನದೀನಿ!"