ಸೆಟೆದ ಕಾಲುಗಳು

ಜಹೀರಾಬಾದಿನ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಕಲಿಸುತ್ತೇನೆ. ಅಂದು ಲಿಂಗಾಯತ ಅಜ್ಜನೊಬ್ಬ ತೀರಿಕೊಂಡ. ಅವನ ಆರೈಕೆ ಮಾಡಿದ್ದ ನನ್ನ ತರಗತಿಯ ಹುಡುಗಿ ಅಳುತ್ತಲೇ, ಎದೆಯ ಮೇಲಿನ ಲಿಂಗವನ್ನು ತೆಗೆಯದೆ ಮೈ ಒರೆಸಿದಳು. ಪುಸ್ತಕದಲ್ಲಿರುವಂತೆ ಕಾಲು ನೀಳವಾಗಿ ಚಾಚಿ, ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದಳು. ಮನೆಯವರಿಗೆ ಫೋನು ಮಾಡಿ ಕೇಳಲಿಲ್ಲ. ಪುಸ್ತಕ ಬರೆದವರಿಗೆ ನಮ್ಮ ಕಡೆಯ ಸಾವು ಗೊತ್ತಿಲ್ಲ.

ನಾಗಲಗಿದ್ದದಿಂದ ಮಗ ಬರುವಷ್ಟರಲ್ಲಿ ದೇಹ ಸೆಟೆದಿತ್ತು. "ನಮ್ಮಲ್ಲಿ ಕುಂದ್ರಿಸಿ ಮಣ್ಣ ಮಾಡ್ತೀವ್ರಿ. ಈಗ ಅಪ್ಪನ ಕಾಲ ಹ್ಯಾಂಗ ಮಡಚಬೇಕ್ರಿ?" ಎಂದ.

ನಾನೂ ಹುಡುಗಿಯೂ ಮೊಣಕಾಲನ್ನು ನೀವುತ್ತಾ, ಕೊನೆಗೆ ಬಲ ಹಾಕಿಯೇ ಮಡಚಿದೆವು. "ಹೊರಗೆ ಹೋಗಿ ಅತ್ತು ಬಾ" ಎಂದೆ.

ಅವಳು ಕದಲಲಿಲ್ಲ. "ಅಜ್ಜಗ ನೋವಾತೇನ್ರಿ, ಮೇಡಂ?"

ಸತ್ತವರಿಗೆ ನೋವಿಲ್ಲವೆಂದು ತರಗತಿಯಲ್ಲಿ ಪ್ರತಿ ವರ್ಷ ಹೇಳುವವಳು ನಾನು. ಅಜ್ಜನ ಮೊಣಕಾಲನ್ನು ಮತ್ತೆ ಮೆಲ್ಲಗೆ ನೀವತೊಡಗಿದೆ.