ನೀಲಿ ಬಾಗಿಲ ಸೀಗೆಪುಡಿಯ ನಾಲ್ಕು ಸಾಲು

ನನಗೆ ಇಪ್ಪತ್ತು ತುಂಬುವ ಹೊತ್ತಿಗೆ ಸಿರುಗುಪ್ಪದ ಸಂತೆಯಲ್ಲಿ ನಾನು ಅಣಕಿಸದೆ ಬಿಟ್ಟ ಗಂಟಲು ಇರಲಿಲ್ಲ. ಬಸ್ಸಿನ ಕಂಡಕ್ಟರು, ಅಕ್ಕಿ ಗಿರಣಿಯ ಮುನೀಮ, ಮೂಗಿನಲ್ಲಿ ಮಂತ್ರ ಹೇಳುವ ಪುರೋಹಿತ, ಮಾರಾಟಕ್ಕೆ ನಿಂತ ಮೇಕೆ. ಮೇಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಅದಕ್ಕೆ ನನ್ನ ಮುಖವೂ ಸಹಾಯ ಮಾಡುತ್ತಿತ್ತು ಎಂದು ನನ್ನ ಅವ್ವನೇ ಹೇಳುತ್ತಿದ್ದಳು. ಈ ವಿದ್ಯೆಗೆ ಹೊಟ್ಟೆ ತುಂಬಿಸುವ ಗುಣ ಇಲ್ಲವೆಂದು ತಿಳಿದ ಮೇಲೆ ಬಳ್ಳಾರಿಗೆ ಬಂದು, ಟೆಂಟು ಸಿನಿಮಾದ ಜಟಕಾದಲ್ಲಿ ಕೂತು ತಗಡಿನ ತುತ್ತೂರಿಯಲ್ಲಿ ಊರೆಲ್ಲ ಕೂಗುವ ಕೆಲಸ ಹಿಡಿದೆ.

ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ನೀಲಿ ಬಾಗಿಲಿನ ಒಂದು ಸಣ್ಣ ಅಂಗಡಿ ಇತ್ತು. ಸೀಗೆಪುಡಿ ಬಿಟ್ಟರೆ ಅಲ್ಲಿ ಬೇರೇನೂ ಸಿಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಆ ಮನೆಯಾಕೆಯೇ ನಡೆಸುತ್ತಿದ್ದಳು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಸಂಡೂರಿನ ಗುಡ್ಡದಿಂದ ಬಂದ ಕಾಯಿಯನ್ನು ಒಣಗಿಸಿ, ಗಿರಾಕಿಯ ಕಣ್ಣೆದುರೇ ಕುಟ್ಟಿ, ಜರಡಿ ಹಿಡಿದು ಪೊಟ್ಟಣ ಕಟ್ಟುವುದು ಅವಳ ಪದ್ಧತಿ. ಆ ವರ್ಷ ಮುಖ್ಯ ಬೀದಿಯ ದೊಡ್ಡ ಸಾಹುಕಾರರೊಬ್ಬರು ಬಣ್ಣದ ಕಾಗದದ ಸೋಪುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಓಣಿಗೆ ಬರುವ ಕಾಲುಗಳು ಅಲ್ಲೇ ನಿಂತುಬಿಟ್ಟವು.

ಕುರುಗೋಡಿನಲ್ಲಿದ್ದ ಅವಳ ಅಣ್ಣ ಬಂದು ಮಾತು ಮುಗಿಸಿ ಹೋಗಿದ್ದ. ದೀಪಾವಳಿಯ ತನಕ ನೋಡುವುದು, ಹಬ್ಬದಲ್ಲೂ ಸೀಗೆ ಉಳಿದರೆ ಬಾಗಿಲು ಹಾಕಿ ಅವನ ಮನೆಗೆ ಬರುವುದು. ಆ ಮನೆಯಲ್ಲಿ ಹನ್ನೊಂದು ಜನರಿಗೆ ಮುದ್ದೆ ತಿರುವಲು ಒಂದು ಜೊತೆ ಕೈ ಬೇಕಾಗಿತ್ತು. ಅಕ್ಕ ನನ್ನ ಜಟಕಾ ನಿಲ್ಲಿಸಿ ಹೇಳಿದ್ದು ಇಷ್ಟೇ:

"ತಮ್ಮಾ, ಸಿನಿಮಾಕ್ಕ ಕೂಗ್ತಿ. ನನಗೂ ಒಂದು ಕಟ್ಟಿಕೊಡು. ಮಂದಿ ಮನಿಗೆ ಹೋದ ಮ್ಯಾಲೂ ಅನ್ನಬೇಕು, ಅಂಥಾದ್ದು."

ನಾನು ಕಟ್ಟಿದೆ. ಎಂಟು ಸಾಲು. ಹೈಸ್ಕೂಲು ಮೂರನೇ ಫಾರಮ್ಮಿಗೆ ಬಿಟ್ಟವನ ಪಾಂಡಿತ್ಯ ಅಷ್ಟೂ ಅದರಲ್ಲಿತ್ತು. "ಸಕಲ ಕೇಶ ಸಂವರ್ಧಿನಿ, ಸರ್ವ ತೈಲ ನಿವಾರಿಣಿ" ಎಂದು ಶುರುವಾಗುತ್ತಿತ್ತು. ಸಾಲದ್ದಕ್ಕೆ, ಜನ ತಿರುಗಿ ನೋಡಲಿ ಎಂದು, ಮುನಿಸಿಪಾಲಿಟಿಯ ಡಂಗುರದವನ ಗಂಟಲನ್ನು ಕದ್ದೆ. ಹಲಗೆ ಎರಡು ಬಾರಿ ಬಡಿದು, ಅವನಂತೆಯೇ ಕೊನೆಯ ಅಕ್ಷರವನ್ನು ಎಳೆದು "ಕೇಳ್ರಪ್ಪೋ" ಎಂದೆ.

ಅದು ರೇಷನ್ನಿನ ಕಾಲ. ಡಂಗುರ ಕೇಳಿತೆಂದರೆ ಸಕ್ಕರೆಯೋ ಸೀಮೆಎಣ್ಣೆಯೋ ಬಂದಿದೆ ಎಂದು ಅರ್ಥ. ಓಣಿಯಲ್ಲಿದ್ದವರೆಲ್ಲ ಕಾರ್ಡು, ಚೀಲ, ಬಾಟಲಿ ಹಿಡಿದು ಓಡಿಬಂದು ನೀಲಿ ಬಾಗಿಲ ಮುಂದೆ ಸಾಲು ನಿಂತರು. ಸೀಗೆಪುಡಿ ಎಂದು ತಿಳಿದಾಗ ಒಬ್ಬ ಮುದುಕಿ ನನಗೆ ಬಾಟಲಿ ತೋರಿಸಿ, ಇದರಲ್ಲಿ ನಿನ್ನ ಸೀಗೆ ಹಾಕಿ ದೀಪ ಹಚ್ಚಲೇನು ಎಂದು ಕೇಳಿದಳು. ಹಲಗೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಅಲ್ಲಿಂದ ಕಾಲ್ಕಿತ್ತೆ. ಮೇಕೆಯ ದನಿಯೂ ಬರಲಿಲ್ಲ.

ಮರುದಿನ ಅಕ್ಕ ನನ್ನನ್ನು ನಲ್ಲಿಯ ಕಟ್ಟೆಗೆ ಕರೆದುಕೊಂಡು ಹೋದಳು. ನಿನ್ನೆ ಈತ ಏನು ಕೂಗಿದ ಎಂದು ಕೊಡ ಹಿಡಿದು ನಿಂತವರನ್ನು ಒಬ್ಬೊಬ್ಬರಾಗಿ ಕೇಳಿದಳು. ಡಂಗುರದವನ ಹಾಗೆ ಕೂಗಿದ ಎಂದರು. ಯಾವ ಅಂಗಡಿ ಎಂಬುದು ಒಬ್ಬರಿಗೂ ನೆನಪಿರಲಿಲ್ಲ. ಎಂಟು ಸಾಲಿನಲ್ಲಿ ಒಂದು ಪದವೂ ಉಳಿದಿರಲಿಲ್ಲ.

"ನಿನ್ನ ಗಂಟಲ ನೆನಪೈತಿ, ನನ್ನ ಬಾಗ್ಲ ಇಲ್ಲ," ಎಂದಳು ಅಕ್ಕ. "ನಿನ್ನನ್ನ ಮಾರಾಕ ಹಚ್ಚೀನೇನು ನಾನು? ಯಾರ್ ತಗೋತಾರ ನಿನ್ನ?"

ಆ ಮಾತು ತಟ್ಟಿತು. ಅವತ್ತು ಮಧ್ಯಾಹ್ನವೆಲ್ಲ ಅವಳ ಅಂಗಡಿಯ ಕಟ್ಟೆಯಲ್ಲಿ ಕೂತು, ಅವಳೂ ಪಕ್ಕದ ಮನೆಯ ತೆಲುಗಿನ ಹೆಂಗಸೂ ಎದುರುಬದುರಾಗಿ ನಿಂತು ಕುಟ್ಟುವುದನ್ನು ನೋಡಿದೆ. ಒಂದು ಒನಕೆ ಏಳುವಾಗ ಇನ್ನೊಂದು ಇಳಿಯುತ್ತದೆ. ಧುಮ್, ಧುಮ್, ಧುಮ್, ಧುಮ್. ನಾಲ್ಕು ಪೆಟ್ಟಿಗೊಮ್ಮೆ ಕಾಯಿಯನ್ನು ಕೈಯಿಂದ ಒಳಗೆ ತಳ್ಳಲು ಚೂರು ಬಿಡುವು. ಪುಡಿ ಹಾರಿ ನನ್ನ ಕಣ್ಣಿಗೆ ಬಿತ್ತು. ಉರಿ ಎಂದು ಕುಣಿದೆ. ಅವರಿಬ್ಬರೂ ಕುಟ್ಟುವುದನ್ನು ನಿಲ್ಲಿಸದೆ ನಕ್ಕರು. ಕಣ್ಣು ತೊಳೆದುಕೊಳ್ಳುವಾಗಲೇ ಮೊದಲ ಸಾಲು ಆ ಪೆಟ್ಟಿನ ಮೇಲೆ ಬಂದು ಕೂತಿತು. ಉಳಿದ ಮೂರಕ್ಕೆ ಸಂಜೆಯಾಯಿತು.

ಕಣ್ಣಿಗ್ ಬಿದ್ರ ಉರಿ ಉರಿ,
ಕೂದ್ಲಿಗ್ ಬಿದ್ರ ಸಿರಿ ಸಿರಿ,
ನೀಲಿ ಬಾಗ್ಲ ಸೀಗಿಪುಡಿ,
ಕುಟ್ಟೋದ್ ನೋಡಿ ಕೈಯಾಗ್ ಹಿಡಿ.

ಪೆಟ್ಟಿಗೊಂದು ಮಾತು, ಸಾಲಿಗೆ ನಾಲ್ಕು ಪೆಟ್ಟು. ಅಂಗಡಿಯ ಗುರುತೂ ಸರಕಿನ ಹೆಸರೂ ಒಂದೇ ಸಾಲಿನಲ್ಲಿ, ಪುಡಿ ಎಂದವರು ಹಿಡಿ ಎನ್ನದೆ ಬಿಡುವಂತಿಲ್ಲ. ಸರಕು ಮಾರುವವನೇ ಕಣ್ಣು ಉರಿಯುತ್ತದೆ ಎಂದು ಕೂಗುವುದುಂಟೇ ಎಂದು ನನ್ನ ಜಟಕಾ ಹೊಡೆಯುತ್ತಿದ್ದ ಚಾಚಾ ತಲೆ ಕೆರೆದುಕೊಂಡರು. ಅಕ್ಕ ಒಪ್ಪಿದಳು. ಉರಿಯುವುದು ಸುಳ್ಳೇನು, ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಮಾತು, ಅದನ್ನು ನಾವೇ ಹೇಳಿದರೆ ಮುಂದಿನದನ್ನೂ ನಂಬುತ್ತಾರೆ ಎಂದಳು.

ಈ ಸಲ ಯಾರ ದನಿಯನ್ನೂ ಕದಿಯಲಿಲ್ಲ. ನನ್ನದೇ ದನಿಯಲ್ಲಿ ಕೂಗಿದೆ. ಅಷ್ಟು ವರ್ಷ ಬಳಸದೆ ಅದಕ್ಕೆ ತುಕ್ಕು ಹಿಡಿದಿತ್ತು. ಮೂರು ದಿನಕ್ಕೆ ಆ ಸಾಲುಗಳು ನನ್ನನ್ನು ಬಿಟ್ಟು ಮುಂದೆ ಹೋದವು. ಬಟ್ಟೆ ಒಗೆಯುವವರು ಕಲ್ಲಿಗೆ ಹೊಡೆಯುತ್ತ ಅದನ್ನು ಅಂದರು. ತೆಲುಗು ಮನೆಗಳಲ್ಲಿ ಅವರ ರಾಗ ಸೇರಿಸಿ ಅಂದರು. ರೂಪನಗುಡಿಯಿಂದ ಗಾಡಿ ಹೊಡೆದುಕೊಂಡು ಬಂದ ರೈತನೊಬ್ಬ ಎತ್ತಿಗೆ ಹೇಳುತ್ತಿದ್ದ. ನೀಲಿ ಬಾಗಿಲು ಎಲ್ಲಿ ಎಂದು ಕೇಳಿಕೊಂಡು ಓಣಿಗೆ ಜನ ಬರತೊಡಗಿದರು.

ನಾಲ್ಕನೆಯ ದಿನ ಮುನಿಸಿಪಾಲಿಟಿಯಿಂದ ಕರೆ ಬಂತು. ದೊಡ್ಡ ಸಾಹುಕಾರರು ಅರ್ಜಿ ಕೊಟ್ಟಿದ್ದರು. ಸರಕಾರಿ ಡಂಗುರದ ಅನುಕರಣೆ, ಸಾರ್ವಜನಿಕರಿಗೆ ಮೋಸ, ರಸ್ತೆಯಲ್ಲಿ ಗದ್ದಲ. ಮೊದಲನೆಯದು ನನ್ನ ತಪ್ಪೇ, ಒಪ್ಪಿದೆ. ಗುಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹಬ್ಬ ಮುಗಿಯುವತನಕ ಜಟಕಾ ಬೇಡ, ತುತ್ತೂರಿ ಬೇಡ ಎಂದರು. ಅಲ್ಲಿಗೆ ನಮಸ್ಕಾರ ಹಾಕಿ ಹೊರಬಂದಿದ್ದರೆ ಬಾಯಿ ಉಳಿಯುತ್ತಿತ್ತು. ನಾನು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರದೇ ದನಿಯಲ್ಲಿ "ಜಟಕಾ ಬ್ಯಾಡ, ತುತ್ತೂರಿ ಬ್ಯಾಡ" ಎಂದೆ. ಬಾಗಿಲಲ್ಲಿ ನಿಂತಿದ್ದ ಜವಾನ ನಕ್ಕುಬಿಟ್ಟ.

"ಬಾಯೀನೂ ಬ್ಯಾಡ," ಎಂದರು ಗುಮಾಸ್ತರು. "ಬೀದ್ಯಾಗ ಆ ಹಾಡಿಗೆ ನೀ ಬಾಯಿ ತೆಗದ್ರ ದಂಡ ಹಾಕ್ತೀನಿ, ಆ ಅಂಗಡಿ ಲೈಸೆನ್ಸೂ ನೋಡ್ತೀನಿ."

ಅಕ್ಕನಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನನ್ನ ಒಂದು ನಗೆಚಾಟಿಕೆಗೆ ಅವಳ ಅಂಗಡಿ ಹೋಗುವಂತಾಗಿತ್ತು. ಹಬ್ಬಕ್ಕೆ ಆರು ದಿನ, ಒಳಗೆ ಇನ್ನೂ ನಾಲ್ಕು ಮೂಟೆ ಕಾಯಿ. ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಜರಡಿಯನ್ನು ಕೆಳಗಿಟ್ಟು ಕೇಳಿದಳು:

"ಬಾಯಿ ತೆಗೀಬ್ಯಾಡ ಅಂದಾರ. ಕೈ?"

"ಕೈಗೆ ಏನೂ ಅಂದಿಲ್ಲಕ್ಕಾ."

"ಮತ್ತ ಕುಂತು ಏನ್ ಮಾಡ್ತಿ?"

ಮೂಲೆಯಲ್ಲಿದ್ದ ಎಣ್ಣೆಯ ಖಾಲಿ ಡಬ್ಬಿಗೆ ಅವಳೇ ಹಗ್ಗ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ಒಂದು ನೀಲಿ ಬಟ್ಟೆ ಹರಿದು ನನ್ನ ಬಾಯಿಗೆ ಬಿಗಿದಳು. ಸ್ವಲ್ಪ ಹೆಚ್ಚೇ ಬಿಗಿದಳು. ಈ ಕೆಲಸ ಮಾಡಬೇಕೆಂದು ಅವಳಿಗೆ ಬಹಳ ದಿನದಿಂದ ಮನಸ್ಸಿದ್ದಿರಬೇಕು.

ಹೊರಟೆ. ಡಬ್ಬಿಯ ಮೇಲೆ ನಾಲ್ಕು ಪೆಟ್ಟು, ಚೂರು ಬಿಡುವು, ಮತ್ತೆ ನಾಲ್ಕು. ಮೊದಲ ಓಣಿಯಲ್ಲಿ ಜನ ನೋಡಿದರು, ಯಾರೂ ಮಾತಾಡಲಿಲ್ಲ. ಎರಡನೆಯದರಲ್ಲೂ ಇಲ್ಲ. ಅಷ್ಟು ಹೊತ್ತು ಮಾತಿಲ್ಲದೆ ನಾನು ಹುಟ್ಟಿದ ಮೇಲೆ ಇದ್ದದ್ದಿಲ್ಲ. ಗಂಟಲಲ್ಲಿ ಮಾತು ನೆನೆದ ಕಡಲೆಕಾಳಿನಂತೆ ಊದಿಕೊಂಡಿತ್ತು. ಆಮೇಲೆ ಹೊಳೆಯಿತು, ನಾನು ನಾಲ್ಕೂ ಪೆಟ್ಟನ್ನು ಪೂರ್ತಿ ಬಡಿಯುತ್ತಿದ್ದೇನೆ, ಅವರಿಗೆ ಏನನ್ನೂ ಉಳಿಸಿಲ್ಲ. ನಲ್ಲಿಯ ಹತ್ತಿರ ಬಂದು ಮೊದಲ ಎರಡು ಪೆಟ್ಟು ಬಡಿದು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದೆ.

"ಉರಿ ಉರಿ," ಎಂದಳು ಸಾಲಿನಲ್ಲಿದ್ದ ಒಬ್ಬಾಕೆ, ಬೇಸರದ ದನಿಯಲ್ಲೇ, ಕೊಡದ ಕಡೆ ನೋಡುತ್ತ. ಅವಳಿಗೇ ತಿಳಿಯದೆ ಬಾಯಿಂದ ಬಿದ್ದಿತ್ತು. ಮತ್ತೆ ಎರಡು ಬಡಿದು ನಿಲ್ಲಿಸಿದೆ. "ಸಿರಿ ಸಿರಿ" ಎಂದು ಐದಾರು ಜನ. ಮೂರನೆಯದಕ್ಕೆ ಕೊಡ ತುಂಬಿ ಹರಿದದ್ದನ್ನೂ ನೋಡದೆ ಇಡೀ ಸಾಲು "ಸೀಗಿಪುಡಿ" ಎಂದಿತು.

ಆಮೇಲೆ ನಾನು ಮಾಡಿದ್ದು ಅರ್ಧ ಕೆಲಸ, ಉಳಿದರ್ಧ ಊರಿನದು. ಸುದ್ದಿ ತಿಳಿದ ಗುಮಾಸ್ತರು ಅದೇ ಜವಾನನನ್ನು ಕರೆದುಕೊಂಡು ಬಂದರು. ನಾನು ನಿಂತು, ಬಾಯಿಯ ಬಟ್ಟೆಯನ್ನು ತೋರಿಸಿ ಕೈ ಮುಗಿದೆ. ಅವರು ಬಟ್ಟೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಸುತ್ತ ನಿಂತವರನ್ನು ನೋಡಿದರು.

"ಯಾರಿಗ್ ಹಾಕ್ತೀರಿ ಸಾಹೇಬ್ರ ದಂಡ?" ಎಂದಿತು ಒಂದು ಹೆಣ್ಣು ದನಿ. ನನ್ನ ಸುಳ್ಳು ಡಂಗುರದ ದಿನ ಬಾಟಲಿ ತೋರಿಸಿದ ಮುದುಕಿ. "ಅಂವ ಮೂಕ ಅದಾನ. ನಾವು ಅಂದೀವಿ, ನಮಗ ಹಾಕ್ರಿ. ಕಾರ್ಡ್ ತರ್ಲೇನು?"

ಗುಮಾಸ್ತರು ಛತ್ರಿ ಬಿಡಿಸಿಕೊಂಡು ಬಂದ ದಾರಿಯಲ್ಲೇ ಹೋದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ನನಗೆ ಸೊಕ್ಕು ಬಂತು. ನೇರವಾಗಿ ಮುಖ್ಯ ಬೀದಿಗೆ ಹೋಗಿ ದೊಡ್ಡ ಅಂಗಡಿಯ ಮೆಟ್ಟಿಲ ಮುಂದೆ ನಿಂತೆ. ಸಾಹುಕಾರರು ಗಾದಿಯ ಮೇಲಿಂದ ದಿಟ್ಟಿಸುತ್ತಿದ್ದರು. ಮೊದಲ ಮೂರು ಸಾಲನ್ನೂ ಪೂರ್ತಿ ಬಡಿದು, ಕೊನೆಯದರಲ್ಲಿ ಎರಡು ಪೆಟ್ಟಿಗೆ ನಿಲ್ಲಿಸಿದೆ. ಒಳಗೆ ತಕ್ಕಡಿ ಹಿಡಿದು ಬೆಲ್ಲ ತೂಗುತ್ತಿದ್ದ ಅವರದೇ ಆಳು, ತಲೆಯೆತ್ತದೆ, "ಕೈಯಾಗ್ ಹಿಡಿ" ಎಂದ.

ಹಬ್ಬದ ಹಿಂದಿನ ಸಂಜೆ, ಹಂಡೆಗೆ ನೀರು ತುಂಬುವ ಹೊತ್ತಿಗೆ, ನೀಲಿ ಬಾಗಿಲ ಒಳಗೆ ಒರಳನ್ನು ಬಳಿದು ಕೊನೆಯ ಪೊಟ್ಟಣ ಕಟ್ಟಿದೆವು. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು, ಏಕೆಂದರೆ ಆರು ದಿನ ಡಬ್ಬಿ ಬಡಿದು ಉಳಿದ ಹೊತ್ತಿನಲ್ಲಿ ಅಕ್ಕ ನನಗೆ ಒನಕೆಯನ್ನೂ ಕೊಟ್ಟಿದ್ದಳು. ಅಣ್ಣ ಕುರುಗೋಡಿನಿಂದ ಬಂದದ್ದು ಹಬ್ಬ ಕಳೆದ ಮೂರನೆಯ ದಿನ. ಬಸ್ಸಿಳಿದು ಬರುವಷ್ಟರಲ್ಲಿ ಅವನ ಮುಖ ಕೆಂಪಾಗಿತ್ತು. ದಾರಿಯಲ್ಲಿ ಸಿಕ್ಕ ಸಿಕ್ಕವರೆಲ್ಲ ತನ್ನ ತಂಗಿಯ ಬಾಗಿಲನ್ನು ಹಾಡುತ್ತಿದ್ದಾರೆ ಎಂದು ಅವನ ದೂರು.

"ಊರ ಮಂದಿ ಬಾಯಾಗ ಬಿದ್ದಿ. ಮನಿತನದ ಮರ್ಯಾದಿ ಹೋತು," ಎಂದ. "ನಡಿ, ಗಂಟು ಕಟ್ಟು."

ಅಕ್ಕ ಒಳಗೆ ಹೋಗಿ ಖಾಲಿ ಗೋಣಿಚೀಲಗಳನ್ನು ತಂದು ಅವನ ಮುಂದೆ ಒಂದರ ಮೇಲೊಂದು ಕೊಡವಿದಳು. ಧೂಳೆದ್ದು ಅವನು ಸೀನಿದ.

"ಹೋಗಿದ್ದು ಮರ್ಯಾದಿ ಅಲ್ಲಣ್ಣಾ, ಸೀಗಿ. ಒಂದು ಕಾಯೀನೂ ಉಳಿದಿಲ್ಲ. ನಾ ಬರಂಗಿಲ್ಲ. ಬಂದದ್ದು ಬಂದಿ, ಸಂಡೂರ ಕಡಿ ಹೋಗಿ ಕಾಯಿ ತಂದುಕೊಡು."

ಅವನು ಕಣ್ಣುಜ್ಜಿಕೊಳ್ಳುತ್ತ ಚೀಲಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ಸೀನನ್ನು ಅಣಕಿಸಲು ನನ್ನ ಮೂಗು ತುರಿಸುತ್ತಿತ್ತು. ಅಕ್ಕ ನನ್ನ ಕಾಲನ್ನು ಗಟ್ಟಿಯಾಗಿ ತುಳಿದಳು.

"ಎಷ್ಟು ಮೂಟಿ?" ಎಂದು ಕೇಳಿದ ಅಣ್ಣ.